ಹದಿನಾಲ್ಕು ಕೈ, ಒಂದು ಕಾರ್ಡು

ವರ್ಗಾವಣೆಯಾಗಿ ಬೇರೆ ಊರಿಗೆ ಹೊರಟವರಿಗೆ ಕಚೇರಿಯವರೆಲ್ಲ ಸೇರಿ ಬರೆದುಕೊಡುವ ಕಾರ್ಡಿನಲ್ಲಿ ಹೆಚ್ಚಾಗಿ ಕೆಡುವುದು ಎರಡು ಜಾಗ. ಒಂದು, ಎಲ್ಲರ ಪರವಾಗಿ ಬರೆಯುವ ನಡುವಿನ ಮಾತು. ಅದು ಅವರೊಬ್ಬರಿಗೇ ಹೇಳಿದ ಮಾತಾಗದೆ, ಯಾರಿಗೆ ಬೇಕಾದರೂ ಓದಿ ಹೇಳಬಹುದಾದ ಮಾತಾಗುತ್ತದೆ. ಇನ್ನೊಂದು, ಸುತ್ತಲಿನ ಸಹಿಗಳು. ಮೊದಲ ನಾಲ್ಕು ಜನ ಅರ್ಧ ಪುಟ ತುಂಬಿಸಿಬಿಡುತ್ತಾರೆ, ಕೊನೆಯವರು ಮೂಲೆಯಲ್ಲಿ ಅಡ್ಡಡ್ಡ ಬರೆಯಬೇಕಾಗುತ್ತದೆ. ಎರಡಕ್ಕೂ ಕಾರಣ ಒಂದೇ. ಕಾರ್ಡು ಕೈಗೆ ಬಂದ ಮೇಲೆ ಯೋಚನೆ ಶುರುವಾಗುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡು ಮೊದಲಿನಿಂದ ಕೊನೆಯವರೆಗೆ ನೋಡೋಣ. ದಾವಣಗೆರೆಯ ಒಂದು ಬ್ಯಾಂಕ್ ಶಾಖೆ. ಕೃಷಿ ಸಾಲ ನೋಡಿಕೊಳ್ಳುತ್ತಿದ್ದ ಅಧಿಕಾರಿಗೆ ಬಡ್ತಿಯ ಮೇಲೆ ಗುಜರಾತಿನ ವಡೋದರಾಕ್ಕೆ ವರ್ಗವಾಗಿದೆ. ಶಾಖೆಯಲ್ಲಿ ಅವರನ್ನು ಬಿಟ್ಟು ಹದಿನಾಲ್ಕು ಜನ: ಮ್ಯಾನೇಜರ್, ಅಧಿಕಾರಿಗಳು, ಗುಮಾಸ್ತರು, ಅಟೆಂಡರ್, ಸೆಕ್ಯುರಿಟಿ ಗಾರ್ಡ್, ಬೆಳಿಗ್ಗೆ ಬಂದು ಗುಡಿಸಿ ಒರೆಸುವ ಅಮ್ಮ. ಶಾಖೆಯವರೆಲ್ಲ ಆ ಅಧಿಕಾರಿಯನ್ನು ಕರೆಯುವುದು ‘ಮೇಡಂ’ ಎಂದೇ.

ಮೊದಲ ಕೆಲಸ ಹೆಸರಿನ ಪಟ್ಟಿ. ನೆನಪಿನಿಂದ ಬರೆದರೆ ರಜೆಯಲ್ಲಿರುವವರೂ ಹೊರಗುತ್ತಿಗೆಯವರೂ ಬಿಟ್ಟುಹೋಗುತ್ತಾರೆ. ಹಾಜರಿ ಪುಸ್ತಕ ತೆಗೆದು ಒಂದೊಂದೇ ಹೆಸರು ಇಳಿಸಿಕೊಳ್ಳಬೇಕು. ಅದರಲ್ಲಿ ಇಲ್ಲದವರನ್ನು, ಅಂದರೆ ಗಾರ್ಡು ಮತ್ತು ಗುಡಿಸುವವರನ್ನು, ಕೈಯಾರೆ ಸೇರಿಸಬೇಕು. ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ‘ಬಂದ್ರಾ ಮೇಡಂ’ ಎಂದು ಮಾತಾಡಿಸಿದವರು ಅವರೇ. ಅವರ ಸಹಿ ಇಲ್ಲದ ಕಾರ್ಡು ಶಾಖೆಯ ಕಾರ್ಡಲ್ಲ. ಇನ್ನು ದಿನಗಳ ಲೆಕ್ಕ. ಹದಿನಾಲ್ಕು ಜನರ ಕೈಗೆ ಕಾರ್ಡು ಹೋಗಿ ಬರಲು ಐದು ಕೆಲಸದ ದಿನ ಬೇಕು. ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬ್ಯಾಂಕಿಗೆ ರಜೆ. ರಿಲೀವ್ ಆಗುವ ದಿನ ಸೋಮವಾರವೆಂದಿದ್ದರೆ ಹಿಂದಿನ ಸೋಮವಾರವೇ ಕಾರ್ಡು ಮೊದಲ ಮೇಜಿಗೆ ಹೋಗಿರಬೇಕು. ರಿಲೀವ್ ದಿನಾಂಕ ಹಿಂದಕ್ಕೆ ಮುಂದಕ್ಕೆ ಆಗುವುದುಂಟು. ಆದ್ದರಿಂದ ಆದೇಶ ಬಂದ ದಿನವೇ ಶುರುಮಾಡುವುದು ಒಳ್ಳೆಯದು.

ಇನ್ನು ಕಾರ್ಡಿನ ಅಳತೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕಾರ್ಡು ಎ4 ಹಾಳೆಯನ್ನು ಮಡಚಿದಷ್ಟು. ಒಳಗಿನ ಒಂದು ಪುಟ 148 ಮಿ.ಮೀ. ಅಗಲ, 210 ಮಿ.ಮೀ. ಎತ್ತರ. ಸುತ್ತ 10 ಮಿ.ಮೀ. ಅಂಚು ಬಿಟ್ಟು, ಎರಡು ಕಂಬ ಏಳು ಸಾಲಿನಂತೆ ಹದಿನಾಲ್ಕು ಮನೆ ಮಾಡಿದರೆ ಒಬ್ಬೊಬ್ಬರಿಗೆ 64 ಮಿ.ಮೀ. ಅಗಲ, 27 ಮಿ.ಮೀ. ಎತ್ತರ ಸಿಗುತ್ತದೆ. ಇಂಗ್ಲಿಷಿನಲ್ಲಾದರೆ ಇಷ್ಟರಲ್ಲಿ ನಾಲ್ಕು ಸಾಲು ಹಿಡಿಸಬಹುದು. ಕನ್ನಡದಲ್ಲಿ ಆಗುವುದಿಲ್ಲ. ‘ನೆನಪಿಟ್ಟುಕೊಳ್ಳುತ್ತೇವೆ’ ಎಂಬ ಒಂದು ಪದ ಬರೆದು ನೋಡಿ. ಟಕಾರದ ಕೆಳಗೊಂದು ಒತ್ತು, ಳಕಾರದ ಕೆಳಗೊಂದು, ತಕಾರದ ಕೆಳಗೊಂದು. ಮೇಲಿನಿಂದ ಗುಡಿಸು, ಏತ್ವ. ಏಳು ಮಿ.ಮೀ. ಅಂತರದಲ್ಲಿ ಇದನ್ನು ಬರೆದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಯಾವುದು ಯಾವುದಕ್ಕೆ ಸೇರಿದ್ದೆಂದು ಓದುವವರು ತಡವರಿಸುತ್ತಾರೆ. ಕೈಬರಹದ ಕನ್ನಡಕ್ಕೆ ಸಾಲಿನಿಂದ ಸಾಲಿಗೆ 9 ಮಿ.ಮೀ. ಇರಬೇಕು. ಹಾಗಾದರೆ 27 ಮಿ.ಮೀ.ಗೆ ಮೂರೇ ಸಾಲು. ಒಂದು ಸಾಲು ಹೆಸರಿಗೆ ಹೋಯಿತು. ಉಳಿದ ಎರಡು ಸಾಲಿನಲ್ಲಿ ಐದಾರು ಪದ. ಐದಾರು ಪದದ ಜಾಗ ಕೊಟ್ಟರೆ ಜನ ‘ಒಳ್ಳೆಯದಾಗಲಿ ಮೇಡಂ, ಆಲ್ ದ ಬೆಸ್ಟ್’ ಎಂದೇ ಬರೆಯುತ್ತಾರೆ. ಅದಕ್ಕೆ ಅವರನ್ನು ದೂರಿ ಫಲವಿಲ್ಲ, ಕಾರ್ಡು ಅಷ್ಟಕ್ಕೇ ಜಾಗ ಕೊಟ್ಟಿದೆ.

ಎ3 ಹಾಳೆಯನ್ನು ಮಡಚಿ ಕಾರ್ಡು ಮಾಡಿಕೊಂಡರೆ ಈ ತೊಂದರೆ ಇರುವುದಿಲ್ಲ. ಒಳಪುಟ 210 ಮಿ.ಮೀ. ಅಗಲ, 297 ಎತ್ತರ. 15 ಮಿ.ಮೀ. ಅಂಚು ಬಿಟ್ಟರೂ ಒಬ್ಬರಿಗೆ 90 ಮಿ.ಮೀ. ಅಗಲ, 38 ಎತ್ತರ. ಹೆಸರಿಗೊಂದು ಸಾಲು ಬಿಟ್ಟು ಮೂರು ಸಾಲು, ಅಂದರೆ ಹನ್ನೆರಡು ಪದದವರೆಗೆ. ಹನ್ನೆರಡು ಪದದಲ್ಲಿ ಒಂದು ನಿಜವಾದ ವಾಕ್ಯ ಬರೆಯಬಹುದು. ಬಲಪುಟ ಪೂರ್ತಿ ಹದಿನಾಲ್ಕು ಮನೆಗಳಿಗೆ, ಎಡಪುಟ ಎಲ್ಲರ ಪರವಾದ ಮಾತಿಗೆ. ಮನೆಗಳನ್ನು ಪೆನ್ಸಿಲಿನಲ್ಲಿ ತೆಳ್ಳಗೆ ಗೀಚಿ, ಮೂಲೆಯಲ್ಲಿ ಯಾರದೆಂದು ಒಂದಕ್ಷರ ಗುರುತು ಹಾಕಿದರೆ ಸಾಕು. ಕೊನೆಗೆ ರಬ್ಬರಿನಲ್ಲಿ ಅಳಿಸಬಹುದು, ಆದರೆ ಶಾಯಿ ಪೂರ್ತಿ ಒಣಗಿದ ಮೇಲೆ, ಮಾರನೆಯ ದಿನ.

ಕಾಗದ ಹೊಳೆಯಬಾರದು. ಹೊಳಪಿನ ಆರ್ಟ್ ಕಾರ್ಡು ನೋಡಲು ಚೆನ್ನ, ಆದರೆ ಅದರ ಲೇಪನ ಶಾಯಿಯನ್ನು ಹೀರುವುದಿಲ್ಲ. ಜೆಲ್ ಪೆನ್ನಿನ ಶಾಯಿ ಮೇಲೆಯೇ ನಿಂತು, ಮುಂದಿನವರು ಅಂಗೈ ಊರಿ ಬರೆಯುವಾಗ ಹಿಂದಿನವರ ಮಾತು ಒರೆಸಿಹೋಗುತ್ತದೆ. ಬಾಲ್ ಪೆನ್ನು ಅದರ ಮೇಲೆ ಜಾರಿ ಅಕ್ಷರದ ನಡುನಡುವೆ ಬಿಟ್ಟುಹೋಗುತ್ತದೆ. ಸ್ಟೇಷನರಿ ಅಂಗಡಿಯ ದಪ್ಪನೆಯ ಡ್ರಾಯಿಂಗ್ ಶೀಟೇ ಸಾಕು. ಮಡಚುವ ಮೊದಲು ಶಾಯಿ ಮುಗಿದ ಬಾಲ್ ಪೆನ್ನಿನಲ್ಲಿ ಸ್ಕೇಲ್ ಇಟ್ಟು ಒಂದು ಗೆರೆ ಒತ್ತಿದರೆ ಮಡಿಕೆ ನೇರವಾಗಿ ಕೂರುತ್ತದೆ, ಬಿರಿಯುವುದಿಲ್ಲ. ಕಾರ್ಡಿನ ಜೊತೆಗೇ ಒಂದು ಪೆನ್ನು ಹೋಗಲಿ, ಅದರಲ್ಲೇ ಎಲ್ಲರೂ ಬರೆಯಲಿ. ಹದಿನಾಲ್ಕು ಬಗೆಯ ಶಾಯಿಗಿಂತ ಹದಿನಾಲ್ಕು ಬಗೆಯ ಕೈಬರಹ ಒಂದೇ ಶಾಯಿಯಲ್ಲಿ ಚೆನ್ನಾಗಿ ಕಾಣುತ್ತದೆ.

ಈಗ ಎಡಪುಟದ ಮಾತು. ಬರಹದಲ್ಲಿ ಕಷ್ಟದ ಭಾಗ ಇದೇ. ಬರೆಯುವ ಜವಾಬ್ದಾರಿ ಹೊತ್ತವರು ಸಾಮಾನ್ಯವಾಗಿ ಮೊದಲ ಸಲಕ್ಕೆ ಹೀಗೆ ಬರೆಯುತ್ತಾರೆ:

‘ಆತ್ಮೀಯ ಮೇಡಂ, ತಾವು ನಮ್ಮ ಶಾಖೆಯನ್ನು ಅಗಲಿ ಹೋಗುತ್ತಿರುವುದು ತುಂಬಲಾರದ ನಷ್ಟ. ತಮ್ಮ ಸರಳ ಸಜ್ಜನಿಕೆಯ ವ್ಯಕ್ತಿತ್ವ, ಸೇವಾ ಮನೋಭಾವ ನಮಗೆಲ್ಲ ಮಾದರಿ. ತಮ್ಮ ನೆನಪು ನಮ್ಮ ಹೃದಯದಲ್ಲಿ ಸದಾ ಅಮರ. ತಮ್ಮ ಮುಂದಿನ ಪಯಣ ಸುಖಕರವಾಗಿರಲಿ.’

ಬರೆದವರ ಮನಸ್ಸಿನಲ್ಲಿ ಪ್ರೀತಿಯೇ ಇದೆ. ಆದರೆ ಜೋರಾಗಿ ಓದಿದರೆ ಎದೆ ಧಸಕ್ಕೆನ್ನುತ್ತದೆ. ಅಗಲಿ, ತುಂಬಲಾರದ ನಷ್ಟ, ಅಮರ, ಮುಂದಿನ ಪಯಣ. ಈ ನಾಲ್ಕೂ ಪತ್ರಿಕೆಯ ಶ್ರದ್ಧಾಂಜಲಿ ಅಂಕಣದ ಪದಗಳು. ಒಂದೊಂದಾಗಿ ಬಂದರೆ ಗೊತ್ತಾಗದೆ ಹೋಗಬಹುದು, ನಾಲ್ಕೂ ಒಟ್ಟಿಗೆ ಬಂದಾಗ ಮೇಡಂ ಮನೆಯ ಹಿರಿಯರು ಕಾರ್ಡು ಓದಿ ಮುಖ ಸಪ್ಪಗೆ ಮಾಡಿಕೊಳ್ಳುತ್ತಾರೆ. ನಮ್ಮಲ್ಲಿ ಮನೆಯಿಂದ ಹೊರಡುವವರು ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಹೋಗಿ ಬರುತ್ತೇನೆ’ ಎನ್ನುತ್ತಾರೆ. ಕಳಿಸುವವರೂ ‘ಹೋಗಿ ಬನ್ನಿ’ ಎನ್ನುತ್ತಾರೆ. ಆ ‘ಬನ್ನಿ’ ಇಲ್ಲದ ಬೀಳ್ಕೊಡುಗೆ ಕನ್ನಡದ ಕಿವಿಗೆ ಅರ್ಧವೇ. ಕಾರ್ಡಿನ ಕೊನೆಯ ಮಾತಿಗೆ ಇದಕ್ಕಿಂತ ಒಳ್ಳೆಯ ಎರಡು ಪದ ಹುಡುಕುವ ಅಗತ್ಯವಿಲ್ಲ.

ಆ ಕರಡಿನ ಎರಡನೆಯ ವಾಕ್ಯ ಬಂದಿರುವುದು ಬಿನ್ನವತ್ತಳೆಯಿಂದ. ಬಿನ್ನವತ್ತಳೆ ವೇದಿಕೆಯ ಮೇಲೆ ಓದಿ, ಕಟ್ಟು ಹಾಕಿಸಿ ಕೊಡುವ ಪತ್ರ. ಕೇಳುವವರು ನೂರು ಜನ, ಅವರಲ್ಲಿ ಹಲವರಿಗೆ ಸನ್ಮಾನಿತರ ಪರಿಚಯವೇ ಇರುವುದಿಲ್ಲ. ಅಲ್ಲಿ ‘ಸರಳ ಸಜ್ಜನಿಕೆಯ’ ಎಂದು ಗುಣ ಎಣಿಸಬೇಕಾಗುತ್ತದೆ. ಕಾರ್ಡು ಹಾಗಲ್ಲ. ಓದುವವರು ಒಬ್ಬರು, ಬರೆದವರನ್ನು ದಿನವೂ ನೋಡಿದವರು. ಅವರ ಗುಣ ಅವರಿಗೇ ಪಟ್ಟಿ ಮಾಡಿ ಹೇಳಿದರೆ ಮುಟ್ಟುವುದಿಲ್ಲ. ಅವರು ಮಾಡಿದ ಒಂದು ಕೆಲಸವನ್ನು ಹೆಸರು ಹಿಡಿದು ಹೇಳಿದರೆ ಮುಟ್ಟುತ್ತದೆ.

ಆ ಕೆಲಸ ಯಾವುದೆಂದು ತಿಳಿಯಲು ಕೇಳುವ ಪ್ರಶ್ನೆ ಸರಿಯಿರಬೇಕು. ‘ಮೇಡಂ ಬಗ್ಗೆ ಏನು ಬರೆಯೋಣ?’ ಎಂದು ಕೇಳಿದರೆ ಹದಿನಾಲ್ಕು ಜನವೂ ‘ತುಂಬಾ ಒಳ್ಳೆಯವರು’ ಎನ್ನುತ್ತಾರೆ. ‘ಅವರು ರಜೆ ಹಾಕಿದ ದಿನ ಯಾವ ಕೆಲಸ ನಿಲ್ಲುತ್ತಿತ್ತು?’ ಎಂದು ಕೇಳಿ. ‘ಅವರು ಮಾಡಿಟ್ಟದ್ದು ಏನು ಇಲ್ಲೇ ಉಳಿಯುತ್ತದೆ?’ ಎಂದು ಕೇಳಿ. ‘ಊಟದ ಹೊತ್ತಿನಲ್ಲಿ ಅವರ ನೆನಪು ಯಾವುದರಿಂದ ಬರುತ್ತದೆ?’ ಎಂದೂ ಕೇಳಬಹುದು. ಈ ಶಾಖೆಯಲ್ಲಿ ಬರಬಹುದಾದ ಉತ್ತರ ಹೀಗೆ. ಕೃಷಿ ಸಾಲ ತೀರಿಸಿದ ರೈತ ಹಣ ಕಟ್ಟಿ ಎದ್ದು ಹೋಗಿಬಿಡುತ್ತಾನೆ. ಆದರೆ ಅವನ ಪಹಣಿಯ 11ನೇ ಕಾಲಮಿನಲ್ಲಿ ಬ್ಯಾಂಕಿನ ಬೋಜ, ಅಂದರೆ ಸಾಲದ ಹೊರೆಯ ನಮೂದು, ಹಾಗೇ ಉಳಿದಿರುತ್ತದೆ. ಮುಂದೆ ಜಮೀನು ಭಾಗ ಮಾಡುವಾಗಲೋ ಬೇರೆ ಕಡೆ ಸಾಲ ಕೇಳುವಾಗಲೋ ಅದು ಅಡ್ಡ ಬರುತ್ತದೆ. ಮೇಡಂ ಅಂಥವರನ್ನು ಕೂರಿಸಿಕೊಂಡು, ಸಾಲ ಬಾಕಿಯಿಲ್ಲವೆಂಬ ಬೇಬಾಕಿ ಪತ್ರ ಕೈಗೆ ಕೊಟ್ಟು, ಬೋಜ ತೆಗೆಸಿಕೊಳ್ಳಿ ಎಂದು ಹೇಳಿ ಕಳಿಸುತ್ತಿದ್ದರು. ಎರಡನೆಯ ಉತ್ತರ, ಸಾಲಕ್ಕೆ ಬೇಕಾದ ದಾಖಲೆಗಳ ಪಟ್ಟಿಯನ್ನು ಕಪಾಟಿನ ಬಾಗಿಲಿಗೆ ಅಂಟಿಸಿದ್ದಾರೆ. ಮೂರನೆಯದು, ಶೇಂಗಾ ಚಟ್ನಿಪುಡಿಯ ಡಬ್ಬಿ. ಇನ್ನೂ ಹತ್ತು ಸಂಗತಿ ಬಂದರೂ ಮೂರಕ್ಕಿಂತ ಹೆಚ್ಚು ಎಡಪುಟಕ್ಕೆ ಬೇಡ. ಉಳಿದವನ್ನು ಹೇಳಿದವರೇ ಬಲಪುಟದ ತಮ್ಮ ಮನೆಯಲ್ಲಿ ಬರೆದುಕೊಳ್ಳಲಿ. ದಾವಣಗೆರೆಯ ಬೆಣ್ಣೆದೋಸೆಯನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದನ್ನು ಬಿಡುವುದೇ ಒಳ್ಳೆಯದು, ಈ ಊರು ಬಿಟ್ಟ ಯಾರಿಗಾದರೂ ಅದನ್ನು ಬರೆಯಬಹುದಾದ್ದರಿಂದ.

ಇವನ್ನಿಟ್ಟುಕೊಂಡು ಬರೆದ ಮಾತು ಹೀಗಾಗಬಹುದು:

‘ಮೇಡಂ, ಸಾಲ ತೀರಿಸಿದವರನ್ನು ಕೂರಿಸಿಕೊಂಡು “ಬೇಬಾಕಿ ಪತ್ರ ತಗೊಂಡೇ ಹೋಗಿ, ಪಹಣಿಯಲ್ಲಿ ಬೋಜ ಉಳಿದರೆ ಮುಂದೆ ನಿಮಗೇ ತೊಂದರೆ” ಎಂದು ಹೇಳುವುದನ್ನು ನಿಮ್ಮನ್ನು ನೋಡಿ ಕಲಿತೆವು. ಕಪಾಟಿನ ಬಾಗಿಲಿಗೆ ನೀವು ಅಂಟಿಸಿದ ದಾಖಲೆಗಳ ಪಟ್ಟಿ ಅಲ್ಲೇ ಇರುತ್ತದೆ, ತೆಗೆಯುವುದಿಲ್ಲ. ಊಟದ ಹೊತ್ತಿಗೆ ಶೇಂಗಾ ಚಟ್ನಿಪುಡಿಯ ಡಬ್ಬಿ ಎಲ್ಲಿ ಎಂದು ಇನ್ನು ಕೆಲವು ದಿನ ಹುಡುಕುತ್ತೇವೆ. ವಡೋದರಾದಲ್ಲಿ ಶಾಖೆಗೆ ಹತ್ತಿರವಾಗಿ ಮನೆ ಸಿಗಲಿ, ಮಗಳಿಗೆ ಹೊಸ ಶಾಲೆ ಹಿಡಿಸಲಿ. ಈ ಕಡೆ ಬಂದಾಗ ಶಾಖೆಗೆ ಬಾರದೆ ಹೋಗಬೇಡಿ. ಹೋಗಿ ಬನ್ನಿ.’

ಅರವತ್ತು ಪದದ ಒಳಗಿದೆ. ಎಡಪುಟದ 180 ಮಿ.ಮೀ. ಅಗಲದಲ್ಲಿ ಎಂಟು ಹತ್ತು ಸಾಲು ಹಿಡಿಯುತ್ತದೆ, ಮೇಲೆ ಕೆಳಗೆ ಧಾರಾಳವಾಗಿ ಬಿಳಿ ಉಳಿಯುತ್ತದೆ. ಆ ಬಿಳಿಯನ್ನು ಹೂವು ಬಳ್ಳಿಯಿಂದ ತುಂಬಬೇಕಿಲ್ಲ.

ಇದರಲ್ಲಿ ಕ್ರಿಯಾಪದದ ಕಾಲ ಗಮನಿಸಿ. ಕರಡು ತಿದ್ದುವಾಗ ಮೊದಲು ನೋಡಬೇಕಾದ್ದು ಅದು. ‘ಹೇಳುತ್ತಿದ್ದಿರಿ, ಕೊಡುತ್ತಿದ್ದಿರಿ, ನಗುತ್ತಿದ್ದಿರಿ’ ಎಂದು ಇಡೀ ಮಾತು ಹಿಂದಕ್ಕೇ ಹೋದರೆ, ಎಲ್ಲ ಮುಗಿದುಹೋಯಿತೆಂಬ ಧ್ವನಿ ಬರುತ್ತದೆ. ಇಲ್ಲಿ ಒಂದೇ ಒಂದು ಕ್ರಿಯೆ ಭೂತದಲ್ಲಿ ನಿಂತಿದೆ: ಕಲಿತೆವು. ಅದೂ ನಮ್ಮದು, ಅವರದಲ್ಲ. ಪಟ್ಟಿ ಇರುತ್ತದೆ, ಡಬ್ಬಿ ಹುಡುಕುತ್ತೇವೆ, ಮನೆ ಸಿಗಲಿ, ಬಾರದೆ ಹೋಗಬೇಡಿ. ಉಳಿದದ್ದೆಲ್ಲ ಮುಂದಕ್ಕೆ ನೋಡುತ್ತದೆ.

‘ನಮ್ಮ’ ಎಂಬ ಪದದ ಮೇಲೂ ಒಂದು ಕಣ್ಣಿರಬೇಕು. ತೆಲುಗಿನಲ್ಲಿ ಮನಂ, ಮೇಮು ಎಂದು ಎರಡುಂಟು, ತಮಿಳಿನಲ್ಲಿ ನಾಮ್, ನಾಂಗಳ್, ತುಳುವಿನಲ್ಲಿ ನಮ, ಎಂಕುಲು. ಕೇಳುತ್ತಿರುವವರನ್ನು ಸೇರಿಸಿಕೊಂಡು ಹೇಳಿದ್ದೋ ಬಿಟ್ಟು ಹೇಳಿದ್ದೋ ಎಂಬುದು ಪದದಲ್ಲೇ ತಿಳಿಯುತ್ತದೆ. ನಮ್ಮ ಕನ್ನಡದಲ್ಲಿ ಎರಡಕ್ಕೂ ‘ನಾವು’ ಒಂದೇ. ಆದ್ದರಿಂದ ಅಕ್ಕಪಕ್ಕದ ಪದಗಳೇ ಅದನ್ನು ತೀರ್ಮಾನಿಸುತ್ತವೆ. ‘ನೀವು ನಮ್ಮ ಶಾಖೆಯನ್ನು ಬಿಟ್ಟು ಹೋಗುತ್ತಿದ್ದೀರಿ’ ಎಂದಾಗ ಶಾಖೆ ನಮ್ಮದು, ನೀವು ಹೊರಗಿನವರು ಎಂಬಂತಾಗುತ್ತದೆ. ನಿನ್ನೆಯವರೆಗೆ ಅದೇ ಶಾಖೆ ಅವರದೂ ಆಗಿತ್ತು. ಬರೀ ‘ಶಾಖೆ’ ಎಂದರೆ ಆ ಗೋಡೆ ಏಳುವುದಿಲ್ಲ. ಮೇಲಿನ ಮಾತಿನಲ್ಲಿ ‘ನಮ್ಮ’ ಎಂಬುದು ಒಂದು ಸಲವೂ ಬಂದಿಲ್ಲ.

ಸಂಬೋಧನೆ ಇನ್ನೊಂದು. ಕರಡಿನಲ್ಲಿದ್ದ ‘ತಾವು’ ದಿನಬಳಕೆಯಲ್ಲಿ ಇಲ್ಲದಿದ್ದರೆ ಕಾರ್ಡಿನಲ್ಲಿ ದಿಢೀರೆಂದು ದೂರ ಸರಿದಂತೆ ಕೇಳಿಸುತ್ತದೆ. ಎಲ್ಲರ ಪರವಾದ ಮಾತಿಗೆ ‘ನೀವು’ ಸಾಕು. ಬಲಪುಟದಲ್ಲಿ ಮಾತ್ರ ಅವರವರು ಕರೆಯುವಂತೆಯೇ ಬರೆಯಲಿ. ಒಟ್ಟಿಗೆ ಕೆಲಸಕ್ಕೆ ಸೇರಿದ ಗೆಳತಿ ‘ನೀನು’ ಎಂದೇ ಬರೆಯಲಿ, ಕಿರಿಯ ಗುಮಾಸ್ತೆ ‘ಅಕ್ಕ’ ಎನ್ನುತ್ತಿದ್ದರೆ ಅದನ್ನೇ ಬರೆಯಲಿ, ಗಾರ್ಡು ‘ಹೋಗಿ ಬರ್ರಿ ಮೇಡಮ್ಮಾರೆ’ ಎನ್ನುವವರಾದರೆ ಅದನ್ನು ಶಿಷ್ಟ ಕನ್ನಡಕ್ಕೆ ತಿದ್ದಬಾರದು. ಕೇರಳದಿಂದಲೋ ಬಿಹಾರದಿಂದಲೋ ಬಂದ ಸಹೋದ್ಯೋಗಿ ಇದ್ದರೆ ಅವರು ತಮ್ಮ ಲಿಪಿಯಲ್ಲೇ ಬರೆಯಲಿ. ಎಡಪುಟದ ಕಾಗುಣಿತವನ್ನು ಮಾತ್ರ ಇಬ್ಬರು ನೋಡಬೇಕು. ‘ಶುಭಾಷಯ’ ಎಂದು ಬಹಳ ಜನ ಬರೆಯುತ್ತಾರೆ. ಅದು ಶುಭ, ಆಶಯ ಸೇರಿ ಆದ ಪದ, ಶಕಾರವೇ ಸರಿ. ‘ಹಾರ್ಧಿಕ’ವೂ ತಪ್ಪು, ಹೃದಯದಿಂದ ಬಂದದ್ದು ಹಾರ್ದಿಕ, ಮಹಾಪ್ರಾಣ ಬೇಡ. ಪೆನ್ನಿನಲ್ಲಿ ಬರೆದ ಮೇಲೆ ಒತ್ತಿ ತಿದ್ದಿದ ಗುರುತು ಹೋಗುವುದಿಲ್ಲ, ಹಾಗಾಗಿ ಬೇರೆ ಹಾಳೆಯಲ್ಲಿ ಪೂರ್ತಿ ಬರೆದು, ಸಾಲು ಎಲ್ಲಿ ಮುರಿಯುತ್ತದೆಂದು ನೋಡಿಕೊಂಡೇ ಕಾರ್ಡಿಗೆ ಇಳಿಸಬೇಕು.

ಹಾರೈಕೆಯಲ್ಲಿ ಒಂದು ಎಚ್ಚರಿಕೆ ಬೇಕು. ‘ಆದಷ್ಟು ಬೇಗ ಕರ್ನಾಟಕಕ್ಕೆ ವಾಪಸ್ ವರ್ಗ ಸಿಗಲಿ’ ಎಂಬುದು ಬ್ಯಾಂಕಿನವರ ನಡುವೆ ತೀರಾ ಸಹಜವಾದ ಹಾರೈಕೆ. ಮನೆಯವರನ್ನು ಇಲ್ಲೇ ಬಿಟ್ಟು ಒಬ್ಬರೇ ಹೋಗುತ್ತಿರುವವರಿಗೆ ಅದಕ್ಕಿಂತ ಬೇಕಾದ ಮಾತಿಲ್ಲ. ಆದರೆ ಬಡ್ತಿಯನ್ನು ಇಷ್ಟಪಟ್ಟು, ಮನೆಮಂದಿಯೊಂದಿಗೆ ಹೊರಟವರಿಗೆ ಅದೇ ಮಾತು ಹೋಗುವ ಊರನ್ನು ಶಿಕ್ಷೆಯೆಂದು ಹೇಳಿದ ಹಾಗಾಗುತ್ತದೆ. ಯಾವುದೆಂದು ಅವರ ಹತ್ತಿರದ ಒಬ್ಬರನ್ನು ಕೇಳಿ ತಿಳಿದುಕೊಳ್ಳಬೇಕು. ಮೇಲಿನ ಮಾತಿನಲ್ಲಿ ಮಗಳ ಶಾಲೆ ಬಂದಿರುವುದು, ಆ ವಿಷಯವನ್ನು ಮೇಡಂ ತಾವೇ ಎಲ್ಲರೆದುರು ಹೇಳಿಕೊಂಡಿದ್ದರೆ ಮಾತ್ರ ಸರಿ. ಇಬ್ಬರು ಮೂವರಿಗಷ್ಟೇ ಗೊತ್ತಿರುವ ಮನೆಯ ಸಂಗತಿ ಕಾರ್ಡಿಗೆ ಬರಬಾರದು, ಅದು ನಾಳೆ ಹೊಸ ಊರಿನ ಟೀಪಾಯಿಯ ಮೇಲೆ ತೆರೆದು ಬಿದ್ದಿರುತ್ತದೆ.

ಕಾರ್ಡು ಮೊದಲು ಯಾರ ಕೈಗೆ ಹೋಗಬೇಕು ಎಂಬುದು ಸಣ್ಣ ವಿಷಯದಂತೆ ಕಾಣುತ್ತದೆ, ಬಲಪುಟದ ಹಣೆಬರಹವೆಲ್ಲ ಅದರಲ್ಲಿದೆ. ರೂಢಿಯಂತೆ ಮ್ಯಾನೇಜರ ಮೇಜಿಗೆ ಮೊದಲು ಹೋಗುತ್ತದೆ. ಅವರು ಕೆಲಸದ ನಡುವೆ ‘ಶುಭವಾಗಲಿ’ ಎಂದು ಬರೆದು ಸಹಿ ಹಾಕಿದರೆ, ಮುಂದಿನ ಹದಿಮೂರು ಜನವೂ ಅದನ್ನೇ ಅಳತೆಗೋಲಾಗಿ ಹಿಡಿಯುತ್ತಾರೆ. ಮೊದಲ ಮನೆಯನ್ನು ಮ್ಯಾನೇಜರಿಗೆಂದು ಪೆನ್ಸಿಲಿನಲ್ಲಿ ಗುರುತು ಮಾಡಿ ಖಾಲಿ ಬಿಟ್ಟು, ಕಾರ್ಡನ್ನು ಮಾತು ಬಲ್ಲ ಒಬ್ಬರಿಗೆ, ಮೇಡಂ ಜೊತೆ ಹೆಚ್ಚು ಕೆಲಸ ಮಾಡಿದವರಿಗೆ ಕೊಡಬೇಕು. ಅವರು ‘ನನ್ನ ಮೊದಲ ಸಾಲದ ಫೈಲಿನಲ್ಲಿ ನೀವು ಹಿಡಿದ ತಪ್ಪು ಇವತ್ತಿಗೂ ನೆನಪಿದೆ, ಆಮೇಲೆ ಅದನ್ನು ಮಾಡಿಲ್ಲ’ ಎಂದು ಬರೆದರೆ ಎರಡನೆಯವರೂ ಏನಾದರೂ ನೆನಪು ಮಾಡಿಕೊಂಡು ಬರೆಯುತ್ತಾರೆ. ಸುತ್ತಾಡುವಾಗ ಮೇಡಂ ಕಣ್ಣಿಗೆ ಬೀಳದಂತೆ ಅವರು ಮುಟ್ಟದ ಫೈಲಿನೊಳಗೆ ಇರಲಿ. ಕೃಷಿ ಸಾಲದ ಫೈಲಿನಲ್ಲಿಟ್ಟರೆ ಅರ್ಧ ಗಂಟೆಯಲ್ಲಿ ಅವರ ಮೇಜಿನ ಮೇಲಿರುತ್ತದೆ. ಪಟ್ಟಿಯ ಒಂದು ಚೀಟಿ ಜೊತೆಗಿದ್ದು, ಬರೆದವರು ಹೆಸರಿನ ಮುಂದೆ ಗುರುತು ಹಾಕುತ್ತಾ ಹೋದರೆ ಯಾರು ಉಳಿದರೆಂದು ಕೇಳುತ್ತಾ ತಿರುಗಬೇಕಾಗುವುದಿಲ್ಲ.

ರಜೆಯಲ್ಲಿರುವವರ ಪರವಾಗಿ ಇನ್ನೊಬ್ಬರು ಸಹಿ ಮಾಡಬಾರದು. ಅವರಿಂದ ಎರಡು ಸಾಲು ಕೈಯಲ್ಲಿ ಬರೆಸಿ, ಫೋಟೋ ತರಿಸಿ, ಮನೆಯ ಅಳತೆಗೆ ಅಚ್ಚು ಹಾಕಿ ಅಂಟಿಸಬಹುದು. ಬರೆಯಲು ಬಾರದವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು, ಒಮ್ಮೆ ಓದಿ ಹೇಳಿ, ಗುರುತನ್ನು ಅವರ ಕೈಯಿಂದಲೇ ಹಾಕಿಸಬೇಕು. ಹೆಬ್ಬೆಟ್ಟಾದರೂ ಸರಿ, ಆ ಮನೆ ಅವರದೇ.

ಬ್ಯಾಂಕಿನವರ ಸಹಿಗೆ ಒಂದು ವಿಶೇಷವಿದೆ. ದಿನಕ್ಕೆ ನೂರಾರು ಸಲ ಹಾಕಿ ಹಾಕಿ ಅದು ಒಂದು ಸುಳಿ, ಒಂದು ಗೆರೆ ಆಗಿರುತ್ತದೆ. ಜೊತೆಯಲ್ಲಿ ಕೆಲಸ ಮಾಡುವಾಗ ನೋಡಿದ ಕೂಡಲೇ ಯಾರದೆಂದು ತಿಳಿಯುತ್ತದೆ, ಹತ್ತು ವರ್ಷ ಕಳೆದ ಮೇಲೆ ತಿಳಿಯುವುದಿಲ್ಲ. ಸಹಿಯ ಕೆಳಗೆ ಹೆಸರು ಬಿಡಿಸಿ ಬರೆಯಲೇಬೇಕು. ಹಿಂಬದಿಯ ಪುಟದಲ್ಲಿ ಹದಿನಾಲ್ಕು ಹೆಸರು, ಅವರವರ ಸ್ವಂತ ಫೋನ್ ನಂಬರು, ಶಾಖೆಯ ಹೆಸರು, ದಿನಾಂಕ, ಇಸವಿ ಸಮೇತ. ಇಸವಿ ಬಿಡುವುದು ಎಷ್ಟು ಸಾಮಾನ್ಯವೆಂದರೆ, ಹಳೆಯ ಕಾರ್ಡುಗಳಲ್ಲಿ ಎಲ್ಲವೂ ಇದ್ದು ಅದೊಂದೇ ಇರುವುದಿಲ್ಲ.

ಕೊಡುವಾಗ ಹಾರ, ಶಾಲು, ಫೋಟೋದ ಗಡಿಬಿಡಿಯ ನಡುವೆ ಕೊಟ್ಟರೆ ಕಾರ್ಡು ಹೂವಿನ ಬುಟ್ಟಿಯೊಳಗೆ ಸೇರಿ ಒದ್ದೆಯಾಗುತ್ತದೆ. ಸಭೆಯಲ್ಲಿ ಎಡಪುಟವನ್ನು ಒಬ್ಬರು ಓದಲಿ, ಒಂದು ನಿಮಿಷವೂ ಆಗುವುದಿಲ್ಲ. ಬಲಪುಟವನ್ನು ಓದಬಾರದು, ಅದು ಒಬ್ಬೊಬ್ಬರು ಒಬ್ಬರಿಗೇ ಬರೆದದ್ದು. ಆಮೇಲೆ ಎ4 ಅಳತೆಯ ಗಟ್ಟಿ ಕವರಿನಲ್ಲಿ, ಹಿಂದೆ ಮುಂದೆ ಒಂದೊಂದು ರಟ್ಟು ಇಟ್ಟು ಕೈಗೆ ಕೊಡಿ. ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದರೆ ಮಡಿಕೆ ಸೀಳುತ್ತದೆ. ಮನೆ ಸಾಮಾನಿನ ಲಾರಿ ಬೇರೆ, ಮನುಷ್ಯರು ಹೋಗುವುದು ಬೇರೆ. ಮಡಚಿದಾಗ ಎ4 ಅಳತೆಗೆ ಬರುವ ಕಾರ್ಡಾದರೆ ಮೇಡಂ ತಮ್ಮ ಅಂಕಪಟ್ಟಿ, ಬಡ್ತಿ ಆದೇಶ, ಮಗಳ ವರ್ಗಾವಣೆ ಪತ್ರ ಇಟ್ಟುಕೊಂಡ ಫೈಲಿನಲ್ಲೇ ಅದನ್ನೂ ಸೇರಿಸಿ ಕೈಚೀಲದಲ್ಲಿ ಒಯ್ಯಬಹುದು.